ಕಿವಿಗೆ ಉದ್ಧರಣ ಚಿಹ್ನೆ ಕಾಣದು

ಕಾದಂಬರಿಯನ್ನು ಆಡಿಯೋ ಬುಕ್ ಮಾಡುವುದೆಂದರೆ ಒಳ್ಳೆಯ ದನಿಯವರ ಕೈಗೆ ಪುಸ್ತಕ ಕೊಟ್ಟು ಮೈಕಿನ ಮುಂದೆ ಕೂರಿಸುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಇಡೀ ಕಥೆ ಕನ್ನಡದಲ್ಲೇ ನಡೆಯುವುದಾದರೆ ಕೆಲಸ ಹೆಚ್ಚುಕಡಿಮೆ ಅಷ್ಟೇ. ಆದರೆ ನಮ್ಮ ಕಾದಂಬರಿಗಳು ಎಂದೋ ಊರ ಗಡಿ ದಾಟಿವೆ. ಯಶವಂತ ಚಿತ್ತಾಲರ ‘ಶಿಕಾರಿ’ ಮುಂಬಯಿಯ ಕಂಪನಿ ಲೋಕದೊಳಗೆ ನಡೆಯುತ್ತದೆ. ನೇಮಿಚಂದ್ರರ ‘ಯಾದ್ ವಶೇಮ್’ಗೆ ಹೆಸರೇ ಹೀಬ್ರೂ ಭಾಷೆಯದು. ಇಂಥ ಪುಸ್ತಕಗಳನ್ನು ಓದಿ ಮುದ್ರಿಸುವ ಮೊದಲು, ಅಚ್ಚಿನ ಪ್ರತಿಯಿಂದ ಧ್ವನಿಪ್ರತಿಯೊಂದನ್ನು ತಯಾರು ಮಾಡಿಕೊಳ್ಳಬೇಕಾಗುತ್ತದೆ. ಆಡಿಯೋ ಬುಕ್ಕಿನ ಏಳುಬೀಳು ಬಹುಪಾಲು ಈ ಪ್ರತಿಯಲ್ಲೇ ನಿರ್ಧಾರವಾಗುತ್ತದೆ ಎಂದು ನನ್ನ ನಂಬಿಕೆ.

ಅಚ್ಚಿನ ಪುಟದಲ್ಲಿ ಕಣ್ಣಿಗೆ ಎಷ್ಟೊಂದು ಆಸರೆಗಳಿರುತ್ತವೆ! ಇಂಗ್ಲಿಷ್ ಸಾಲು ಬೇರೆ ಲಿಪಿಯಲ್ಲಿರುವುದರಿಂದ ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಓದುವ ಮೊದಲೇ ಗೊತ್ತಾಗುತ್ತದೆ. ಅರ್ಥವಾಗದಿದ್ದರೆ ಅಡಿಟಿಪ್ಪಣಿ ನೋಡಬಹುದು. ಯಾರಪ್ಪ ಇವನು ಅನ್ನಿಸಿದರೆ ಎರಡು ಪುಟ ಹಿಂದೆ ಹೋಗಿ ಬರಬಹುದು. ಬಸ್ಸಿನಲ್ಲಿ ನಿಂತು ಕೇಳುವವರಿಗೆ, ಅಡುಗೆ ಮಾಡುತ್ತ ಕೇಳುವವರಿಗೆ ಇದ್ಯಾವುದೂ ಇಲ್ಲ. ಕಣ್ಣು ಮಾಡುತ್ತಿದ್ದ ಅಷ್ಟೂ ಕೆಲಸವನ್ನು ಧ್ವನಿಪ್ರತಿ ಮಾಡಬೇಕು. ಅದೂ ಲೇಖಕರ ಮಾತನ್ನು ಆದಷ್ಟೂ ಮುಟ್ಟದೆ.

ಒಂದು ಕಲ್ಪಿತ ಕಾದಂಬರಿಯನ್ನು ಎದುರಿಗಿಟ್ಟುಕೊಂಡು ನೋಡೋಣ. ಕಥೆ ನಡೆಯುವುದು ಮಂಗಳೂರಿನಲ್ಲಿ, 1870ರ ದಶಕದಲ್ಲಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಅಲ್ಲಿಗೆ ಬಂದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1865ರಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾಯಿತು. ಹಾಗಾಗಿ ಒಂದೇ ಊರಿನಲ್ಲಿ ಜರ್ಮನ್ ಪಾದ್ರಿ, ಇಂಗ್ಲಿಷ್ ಕಲೆಕ್ಟರ್, ಕನ್ನಡದ ಮುನ್ಶಿ ಮೂವರೂ ಇದ್ದಾರೆ. ನಮ್ಮ ಕಾದಂಬರಿಯ ಪಾದ್ರಿಯ ಹೆಸರು ಜೋಹಾನ್, ಮುನ್ಶಿಯ ಹೆಸರು ರಾಮಪ್ಪಯ್ಯ.

ಒಂದು ಪುಟದಲ್ಲಿ ರಾಮಪ್ಪಯ್ಯ ಕಲೆಕ್ಟರ್ ಕಚೇರಿಯಿಂದ ಬಂದ ಲಕೋಟೆ ಒಡೆಯುತ್ತಾನೆ. ಪತ್ರದ ಆರು ಸಾಲು ಇಂಗ್ಲಿಷಿನಲ್ಲೇ ಅಚ್ಚಾಗಿದೆ, ಅದರ ಕನ್ನಡ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಪತ್ರ ಮುಗಿದೊಡನೆ ಬರುವ ವಾಕ್ಯ, ‘ರಾಮಪ್ಪಯ್ಯನ ಕೈ ನಡುಗಿತು.’

ಇದನ್ನು ಇದ್ದ ಹಾಗೆಯೇ ಓದಿಸಿದರೆ ಇಂಗ್ಲಿಷ್ ಬಾರದ ಕೇಳುಗರಿಗೆ ಕೈ ನಡುಗಿದ್ದು ಕೇಳಿಸುತ್ತದೆ, ಯಾಕೆ ನಡುಗಿತೆಂದು ತಿಳಿಯುವುದಿಲ್ಲ. ಟಿಪ್ಪಣಿಯನ್ನು ಅಧ್ಯಾಯದ ಕೊನೆಗೆ ಹಾಕಿದರೆ ಅಷ್ಟು ಹೊತ್ತಿಗೆ ಕಥೆ ಎಲ್ಲಿಗೋ ಹೋಗಿರುತ್ತದೆ. ಇಂಗ್ಲಿಷ್ ಪೂರ್ತಿ ಓದಿ, ಬೆನ್ನಿಗೇ ಕನ್ನಡ ಪೂರ್ತಿ ಓದಿದರೆ ಎರಡೂ ಭಾಷೆ ಬಲ್ಲವರು ಒಂದೇ ಸುದ್ದಿಯನ್ನು ಎರಡು ಸಲ ಕೇಳುತ್ತಾರೆ. ಮೊದಲ ಸಲವೇ ಆಘಾತ ಮುಗಿದುಹೋಗುವುದರಿಂದ ಕೈ ನಡುಗುವ ಹೊತ್ತಿಗೆ ದೃಶ್ಯ ತಣ್ಣಗಾಗಿರುತ್ತದೆ.

ಈ ಪುಟಕ್ಕೆ ನಾನು ಆರಿಸುವ ದಾರಿ ಬೇರೆ. ಧ್ವನಿಪ್ರತಿ ಹೀಗಿರುತ್ತದೆ:

‘ರಾಮಪ್ಪಯ್ಯ ಲಕೋಟೆ ಒಡೆದ. (ಚಿಕ್ಕ ನಿಲುಗಡೆ) “ಸರ್, ಐ ಆಮ್ ಡೈರೆಕ್ಟೆಡ್ ಟು ಇನ್‌ಫಾರ್ಮ್ ಯೂ...” (ದನಿ ತಗ್ಗಿಸಿ, ಮನಸ್ಸಿನಲ್ಲಿ ಓದಿಕೊಂಡಂತೆ) ಹೊಳೆಯಂಚಿನ ಜಾಗವನ್ನು ಹಂಚಿನ ಕಾರ್ಖಾನೆಗೆ ಕೊಡಲು ಸರ್ಕಾರ ಒಪ್ಪಿದೆ. ಈಗ ಅಲ್ಲಿ ವಾಸವಿರುವವರು ತಿಂಗಳೊಳಗೆ ತೆರವು ಮಾಡತಕ್ಕದ್ದು ಎಂದಿತ್ತು. (ನಿಲುಗಡೆ) ರಾಮಪ್ಪಯ್ಯನ ಕೈ ನಡುಗಿತು.’

ಇಂಗ್ಲಿಷಿನ ಮೊದಲ ತುಣುಕು ಸಾಕು, ಪತ್ರ ಸರ್ಕಾರದ್ದು, ಗತ್ತಿನದು ಎಂದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಕನ್ನಡ. ಆ ಕನ್ನಡ ನನ್ನದಲ್ಲ, ಲೇಖಕರೇ ಅಡಿಟಿಪ್ಪಣಿಯಲ್ಲಿ ಬರೆದದ್ದು. ನಾನು ಸೇರಿಸಿದ್ದು ‘ಎಂದಿತ್ತು’ ಎಂಬ ಒಂದೇ ಪದ. ಅಚ್ಚಿನಲ್ಲಿ ಉದ್ಧರಣ ಚಿಹ್ನೆ ಮುಚ್ಚಿ ಮಾಡುವ ಕೆಲಸವನ್ನು ಕಿವಿಗೆ ಈ ಪದ ಮಾಡುತ್ತದೆ.

ಎಲ್ಲ ಇಂಗ್ಲಿಷನ್ನೂ ಹೀಗೆ ಕತ್ತರಿಸಬಾರದು. ಅದೇ ಕಲೆಕ್ಟರ್ ಇನ್ನೊಂದು ಪುಟದಲ್ಲಿ ರಾಮಪ್ಪಯ್ಯನಿಗೆ ಅರ್ಥವೇ ಆಗದಷ್ಟು ವೇಗವಾಗಿ ಬೈಯುತ್ತಾನೆ ಎಂದಿಟ್ಟುಕೊಳ್ಳಿ. ಅಲ್ಲಿ ಅರ್ಥವಾಗದಿರುವುದೇ ಕಥೆಯ ವಿಷಯ. ಆ ಮಾತು ಇಡಿಯಾಗಿ ಇಂಗ್ಲಿಷಿನಲ್ಲೇ ಇರಬೇಕು, ಕೇಳುಗರೂ ರಾಮಪ್ಪಯ್ಯನ ಜೊತೆ ನಿಂತು ತಬ್ಬಿಬ್ಬಾಗಬೇಕು. ಹಾಗಾಗಿ ಪ್ರತಿ ಉದ್ಧರಣೆಯ ಪಕ್ಕದಲ್ಲೂ ಮೊದಲು ಬರೆದುಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಹೊತ್ತಿನಲ್ಲಿ ಇದು ಯಾವ ಪಾತ್ರಕ್ಕೆ ಅರ್ಥವಾಗುತ್ತಿದೆ?

ಕನ್ನಡದ ವಾಕ್ಯರಚನೆಯೇ ಒಡ್ಡುವ ತೊಡಕು ಇನ್ನೊಂದಿದೆ. ನಾವು ಮಾತನ್ನು ಮೊದಲು ಹೇಳಿ ಆಡಿದವರನ್ನು ಕೊನೆಯಲ್ಲಿ ಹೇಳುತ್ತೇವೆ. ಉದ್ದನೆಯ ಇಂಗ್ಲಿಷ್ ಮಾತು ಮುಗಿದ ಮೇಲೆ ‘ಎಂದ ಕಲೆಕ್ಟರ್’ ಎಂದು ಬಂದರೆ, ಅಷ್ಟೂ ಹೊತ್ತು ಕೇಳುಗರು ಅದು ಪಾದ್ರಿಯ ಮಾತೋ ಕಲೆಕ್ಟರನದೋ ತಿಳಿಯದೆ ಒದ್ದಾಡಿರುತ್ತಾರೆ. ಇಂಥ ಕಡೆ ‘ಕಲೆಕ್ಟರ್ ಹೇಳಿದ’ ಎಂಬುದನ್ನು ಮುಂದಕ್ಕೆ ತರಬೇಕು. ಚಿಕ್ಕ ಮಾತುಗಳಿಗೆ ಇದು ಬೇಡ, ಎಲ್ಲ ಕಡೆ ಮಾಡಿದರೆ ಲೇಖಕರ ಲಯವೇ ಕೆಟ್ಟುಹೋಗುತ್ತದೆ.

ಇನ್ನು ಉಚ್ಚಾರ. ಇಂಗ್ಲಿಷ್ ಸಾಲು ಬಂದ ಕೂಡಲೇ ಕೆಲವರು ಬ್ರಿಟಿಷರ ಧಾಟಿಗೆ ಏರುತ್ತಾರೆ. ಕಲೆಕ್ಟರ್ ಬಾಯಲ್ಲಿ ಅದು ಸರಿ. ಆದರೆ ಪತ್ರವನ್ನು ಓದುತ್ತಿರುವವನು ರಾಮಪ್ಪಯ್ಯ. ಮಿಶನ್ ಶಾಲೆಯಲ್ಲಿ ಜರ್ಮನ್ನರ ಹತ್ತಿರ ಇಂಗ್ಲಿಷ್ ಕಲಿತ ಮಂಗಳೂರಿನವನು ಅದನ್ನು ಒಂದೊಂದೇ ಪದ ಬಿಡಿಸಿ ಓದುತ್ತಾನೆ. ಧಾಟಿ ಏರಿಸುವುದರಿಂದ ಮೈಕಿಗೂ ಒಂದು ತೊಂದರೆಯಿದೆ. ನಮ್ಮ ‘ಪ’ಕಾರದಲ್ಲಿ ಉಸಿರು ಹೊರಗೆ ನುಗ್ಗುವುದಿಲ್ಲ. ಬ್ರಿಟಿಷರ ‘ಪೇಪರ್’, ‘ಪೀಪಲ್’ಗಳ ಮೊದಲಕ್ಷರದಲ್ಲಿ ನುಗ್ಗುತ್ತದೆ, ಮೈಕಿನಲ್ಲಿ ಅದು ‘ಧಪ್’ ಎಂದು ಕೇಳುತ್ತದೆ. ಕನ್ನಡಕ್ಕೆಂದು ಹತ್ತಿರ ಇಟ್ಟುಕೊಂಡ ಮೈಕನ್ನು ಅಂಥ ಸಾಲುಗಳಿಗೆ ತುಸು ಓರೆಯಾಗಿಸಬೇಕಾಗುತ್ತದೆ.

ಹೆಸರುಗಳ ಸಮಸ್ಯೆ ಇದಕ್ಕಿಂತ ಆಳದ್ದು. ಪಾದ್ರಿಯ ಹೆಸರನ್ನು ಲೇಖಕರು ‘ಜೋಹಾನ್’ ಎಂದು ಬರೆದಿದ್ದಾರೆ. ಜರ್ಮನ್ನರ ಬಾಯಲ್ಲಿ ಅದು ಯೋಹಾನ್. ಕನ್ನಡ ಬೈಬಲ್ಲಿನಲ್ಲೂ ಇರುವುದು ಯೋಹಾನನೇ, ಆದ್ದರಿಂದ ಅವರ ಸಭೆಯ ಕನ್ನಡ ಕ್ರೈಸ್ತರು ‘ಯೋಹಾನಯ್ಯನವರು’ ಎಂದೇ ಕರೆದಾರು. ಕಲೆಕ್ಟರ್ ಇಂಗ್ಲಿಷಿನ ರೂಢಿಯಲ್ಲಿ ಜೋಹಾನ್ ಎಂದಾನು. ಮೂರೂ ನಿಜವೇ. ಆದರೆ ಮೂರನ್ನೂ ಬಳಸಿದರೆ ಕೇಳುಗರು ಇಬ್ಬರು ಪಾದ್ರಿಗಳಿದ್ದಾರೆಂದು ತಿಳಿಯುತ್ತಾರೆ.

ಯಾವುದು ಶುದ್ಧ ಎಂದು ಹುಡುಕಿ ಅದನ್ನೇ ಹಾಕಿಬಿಡೋಣ ಎನ್ನುವಂತೆಯೂ ಇಲ್ಲ, ಕಾರಣ ನಮ್ಮ ವಿಭಕ್ತಿ. ಇಂಗ್ಲಿಷಿನಲ್ಲಿ ಹೆಸರು ಒಂಟಿಯಾಗಿ ನಿಲ್ಲುತ್ತದೆ, ಕನ್ನಡದಲ್ಲಿ ಪ್ರತ್ಯಯ ಅದಕ್ಕೆ ಅಂಟಿಕೊಳ್ಳುತ್ತದೆ. ಲೂಯಿಸ್ ಎಂದು ಅಚ್ಚಾದ ಫ್ರೆಂಚನೊಬ್ಬನನ್ನು ತೆಗೆದುಕೊಳ್ಳಿ. ಅವನ ನಾಡಿನಲ್ಲಿ ಹೆಸರಿನ ಕೊನೆಯ ‘ಸ್’ ಉಚ್ಚಾರವಾಗುವುದಿಲ್ಲ, ಅವನು ಲೂಯಿ. ಉಚ್ಚಾರ ತಿದ್ದಿದೊಡನೆ ‘ಲೂಯಿಸನ ಪತ್ರ’ ‘ಲೂಯಿಯ ಪತ್ರ’ ಆಗಬೇಕು, ‘ಲೂಯಿಸನಿಗೆ’ ಹೋಗಿ ‘ಲೂಯಿಗೆ’ ಬರಬೇಕು. ಕಾದಂಬರಿಯ ಉದ್ದಕ್ಕೂ ನೂರಾರು ಕಡೆ ಇದು ನಡೆಯುತ್ತದೆ. ಧ್ವನಿಪ್ರತಿಯಲ್ಲಿ ತಿದ್ದದೆ ‘ಓದುವಾಗ ನೋಡಿಕೊಳ್ಳಿ’ ಎಂದು ಬಿಟ್ಟರೆ, ಓದುವವರ ಕಣ್ಣು ‘ಲೂಯಿಸನಿಗೆ’ ಎಂದು ನೋಡಿ ಬಾಯಿ ‘ಲೂಯಿನಿಗೆ’ ಎಂದುಬಿಡುತ್ತದೆ.

ಹಾಗಾಗಿ ಹೆಸರಿನ ನಿರ್ಧಾರ ಸ್ಟುಡಿಯೋಕ್ಕೆ ಹೋಗುವ ಮೊದಲೇ ಆಗಿರಬೇಕು, ಲೇಖಕರನ್ನೋ ಅವರ ಹಕ್ಕುದಾರರನ್ನೋ ಕೇಳಿಯೇ ಆಗಬೇಕು. ನಮ್ಮ ಪಾದ್ರಿಯ ವಿಷಯದಲ್ಲಿ ನನ್ನ ಸಲಹೆ ಹೀಗಿದ್ದೀತು: ನಿರೂಪಣೆಯಲ್ಲಿ, ಸಭೆಯವರ ಮಾತಿನಲ್ಲಿ ಯೋಹಾನ್. ಕಲೆಕ್ಟರ್ ಬಾಯಲ್ಲಿ ಮಾತ್ರ ಜೋಹಾನ್, ಅದೂ ಅವನು ಮೊದಲ ಸಲ ಹೇಳುವಾಗ ‘ನಿಮ್ಮ ಪಾದ್ರಿ ಜೋಹಾನ್’ ಎಂದು ಗುರುತು ಹಚ್ಚಿಕೊಟ್ಟು. ಎರಡಕ್ಕಿಂತ ಹೆಚ್ಚು ರೂಪ ಬೇಡ. ಆದರೆ ‘ಬಾಸೆಲ್ ಮಿಶನ್’ ಅನ್ನು ಜರ್ಮನ್ ಉಚ್ಚಾರಕ್ಕೆ ತಿದ್ದಲು ಹೋಗಬಾರದು. ಮಂಗಳೂರಿನ ಬಾಯಲ್ಲಿ ಆ ಹೆಸರು ತಲೆಮಾರುಗಳಿಂದ ಹೀಗೇ ಇದೆ, ಅದು ಈಗ ನಮ್ಮ ಊರಿನ ಹೆಸರು. ಲೇಖಕರು ಒಪ್ಪದಿದ್ದರೆ ಅಚ್ಚಿನಲ್ಲಿರುವ ಜೋಹಾನನೇ ಇರಲಿ. ನಮ್ಮ ಕಾಯಿದೆಯಲ್ಲೂ, ಹಕ್ಕು ಮಾರಿದ ಮೇಲೂ ಕೃತಿ ವಿರೂಪವಾಗದಂತೆ ನೋಡಿಕೊಳ್ಳುವ ಅಧಿಕಾರ ಬರೆದವರಿಗಿದೆ.

ತೀರ್ಮಾನಗಳೆಲ್ಲ ಒಂದು ಉಚ್ಚಾರಪಟ್ಟಿಯಲ್ಲಿ ಸೇರುತ್ತವೆ. ಅಚ್ಚಿನ ರೂಪ, ಮೊದಲು ಬರುವ ಪುಟ, ಹೇಳಬೇಕಾದ ರೂಪ, ವಿಭಕ್ತಿ ಸೇರಿದ ಎರಡು ಮೂರು ರೂಪಗಳು, ಯಾವ ಪಾತ್ರದ ಬಾಯಲ್ಲಿ ಬೇರೆ ಎಂಬ ಟಿಪ್ಪಣಿ. ‘ಫ’ ಎಂದು ಬರೆದರೆ ‘ಫಲ’ದ ಸದ್ದೋ ‘ಫ್ಯಾನ್’ನ ಸದ್ದೋ ತಿಳಿಯದು, ಅದಕ್ಕೆ ಕೆಳಗೆ ಚುಕ್ಕೆಯಿಟ್ಟು ಫ಼, ಜ಼ ಎಂದು ಗುರುತು ಮಾಡುತ್ತಾರೆ. ಬರಹದಲ್ಲಿ ಹಿಡಿಯಲಾಗದ್ದಕ್ಕೆ ಆ ಭಾಷೆ ಬಲ್ಲವರ ಬಾಯಿಂದ ಹೇಳಿಸಿದ ಸಣ್ಣ ಧ್ವನಿತುಣುಕನ್ನು ಜೊತೆಗಿಡುವುದು ಮೇಲು. ಇಸವಿಗಳನ್ನೂ ಬಿಡಬಾರದು. ಇಂಗ್ಲಿಷ್ ಪತ್ರದೊಳಗಿನ 1874 ‘ಎಯ್ಟೀನ್ ಸೆವೆಂಟಿ ಫೋರ್’, ಕಥೆಯೊಳಗಿನದು ‘ಸಾವಿರದ ಎಂಟುನೂರ ಎಪ್ಪತ್ತನಾಲ್ಕು’. ಅಂಕಿಯಲ್ಲಿ ಬಿಟ್ಟರೆ ಓದುವವರು ಅಲ್ಲೇ ಎಡವುತ್ತಾರೆ.

ಪಟ್ಟಿಯಿಲ್ಲದೆ ಮುದ್ರಿಸಿದರೆ ಏನಾಗುತ್ತದೆಂಬುದು ಆಮೇಲೆ ತಿಳಿಯುತ್ತದೆ. ಹತ್ತನೇ ಅಧ್ಯಾಯದಲ್ಲಿ ಹೆಸರು ಬದಲಾಯಿಸಿದರೆ ಮೊದಲ ಒಂಬತ್ತರಲ್ಲೂ ಆ ವಾಕ್ಯಗಳನ್ನು ಮತ್ತೆ ಓದಿ ಅಂಟಿಸಬೇಕು. ದನಿ ದಿನದಿಂದ ದಿನಕ್ಕೆ, ಬೆಳಿಗ್ಗೆಯಿಂದ ಸಂಜೆಗೆ ಬೇರೆಯಾಗುವುದರಿಂದ ಅಂಟಿಸಿದ ವಾಕ್ಯ ಹೆಡ್‌ಫೋನಿನಲ್ಲಿ ಎದ್ದು ಕೇಳುತ್ತದೆ. ಹೆಸರನ್ನಷ್ಟೇ ಕತ್ತರಿಸಿ ಕೂರಿಸುವ ಆಸೆಯಾಗುತ್ತದೆ, ಆದರೆ ಪ್ರತ್ಯಯ ಅಂಟಿರುವಾಗ ಅದು ಕೂರುವುದಿಲ್ಲ. ಪೂರ್ತಿ ವಾಕ್ಯವನ್ನೇ ಮತ್ತೆ ಓದಿಸಬೇಕು.

ಮುದ್ರಣ ಮುಗಿದ ಮೇಲೆ ಇಬ್ಬರು ಕೇಳಬೇಕು. ಒಬ್ಬರು ಧ್ವನಿಪ್ರತಿ ಹಿಡಿದು ಪದಪದಕ್ಕೂ ತಾಳೆ ನೋಡುತ್ತಾರೆ. ಇನ್ನೊಬ್ಬರು ಪುಸ್ತಕವನ್ನೇ ಓದಿರಬಾರದು, ಕೈಯಲ್ಲಿ ಕಾಗದವೂ ಇರಬಾರದು. ಅವರು ‘ಈಗ ಮಾತಾಡಿದ್ದು ಯಾರು?’ ಎಂದು ಕೇಳಿದ ಜಾಗವನ್ನೆಲ್ಲ ಗುರುತು ಮಾಡಿಕೊಳ್ಳಬೇಕು. ಧ್ವನಿಪ್ರತಿಯಲ್ಲಿ ಉಳಿದ ದೋಷಗಳು ಬಹುಪಾಲು ಈ ಎರಡನೆಯವರಿಗೇ ಸಿಗುತ್ತವೆ, ಎಲ್ಲ ತಿಳಿದು ಕೇಳುವ ನಮ್ಮಂಥವರಿಗೆ ಸಿಗುವುದಿಲ್ಲ.

ಕಣ್ಣು ಕಾಣದ ಕೇಳುಗರಿಗಾಗಿ ಇನ್ನೊಂದು ಕೆಲಸ ಮಾಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಥೆಯಲ್ಲಿ ಮೋಗ್ಲಿಂಗ್ ಹೆಸರು ಕೇಳಿದವರಿಗೆ ಅವರ ಬಗ್ಗೆ ಹೆಚ್ಚು ತಿಳಿಯುವ ಆಸೆಯಾದರೆ, ಆ ಹೆಸರನ್ನು ಬರೆಯುವುದು ಹೇಗೆಂದು ದನಿಯಿಂದ ಗೊತ್ತಾಗುವುದಿಲ್ಲ. ಉಚ್ಚಾರಪಟ್ಟಿ ಹೇಗೂ ಸಿದ್ಧವಿರುತ್ತದೆ. ಅದರಲ್ಲಿನ ನಿಜವಾದ ಜನರ, ಊರುಗಳ ಹೆಸರುಗಳನ್ನು ಎರಡೂ ಲಿಪಿಯಲ್ಲಿ ಆ್ಯಪಿನ ಪುಸ್ತಕ ವಿವರಣೆಯಲ್ಲಿ ಹಾಕಿದರೆ ಅವರ ಫೋನಿನ ಸ್ಕ್ರೀನ್ ರೀಡರ್ ಅದನ್ನು ಅಕ್ಷರ ಅಕ್ಷರವಾಗಿ ಓದಿ ಹೇಳುತ್ತದೆ. ಪ್ರಕಾಶಕರಿಗೆ ಅರ್ಧ ಗಂಟೆಯ ಕೆಲಸ ಅದು.