ಪನೋರಮಾ ಕ್ಯಾರೊಸೆಲ್

ಪನೋರಮಾ ಕ್ಯಾರೊಸೆಲ್ ಎಂಬುದು ಒಂದೇ ಚಿತ್ರ ಅಥವಾ ವಾಕ್ಯವು ಅನೇಕ ಸ್ಲೈಡುಗಳ ಅಂಚು ದಾಟಿ ಮುಂದುವರಿಯುವ ವಿನ್ಯಾಸಕ್ರಮ. ಇದು ಇನ್‌ಸ್ಟಾಗ್ರಾಮ್‌ನಂತಹ ಜಾಲತಾಣಗಳಲ್ಲಿ ಬಳಕೆಯಲ್ಲಿದೆ. ಅಂಚಿನಲ್ಲಿ ಅಪೂರ್ಣವಾಗಿ ನಿಂತದ್ದನ್ನು ಪೂರ್ತಿಯಾಗಿ ಕಾಣಲು ಓದುಗರು ಮುಂದಿನ ಸ್ಲೈಡಿಗೆ ಸರಿಯುತ್ತಾರೆ.

ರಚನೆ

ಸ್ಲೈಡುಗಳನ್ನು ಬಿಡಿಬಿಡಿಯಾಗಿ ರಚಿಸದೆ ಒಂದೇ ಉದ್ದನೆಯ ಹಾಳೆಯಲ್ಲಿ ವಿನ್ಯಾಸ ಮಾಡಲಾಗುತ್ತದೆ. 1080×1350 ಪಿಕ್ಸೆಲ್ ಅಳತೆಯ ಮೂರು ಸ್ಲೈಡುಗಳಿಗೆ ಹಾಳೆಯ ಅಗಲ 3240 ಪಿಕ್ಸೆಲ್. 1080 ಮತ್ತು 2160ನೆಯ ಪಿಕ್ಸೆಲ್‌ಗಳಲ್ಲಿ ಗೆರೆ ಎಳೆದು, ಕೊನೆಗೆ ಅಲ್ಲಿಯೇ ಕತ್ತರಿಸಲಾಗುತ್ತದೆ.

ಉದಾಹರಣೆ

ಐಹೊಳೆಯ ದುರ್ಗ ದೇವಾಲಯವನ್ನು ಉತ್ತರ ದಿಕ್ಕಿನಿಂದ ನೋಡಿದಾಗ ಎಡಕ್ಕೆ ಮುಖಮಂಟಪ, ನಡುವೆ ಕಂಬಸಾಲು, ಬಲಕ್ಕೆ ಶಿಖರ ಹಾಗೂ ಅರ್ಧವೃತ್ತಾಕಾರದ ಹಿಂಬದಿ ಇರುತ್ತವೆ. ಎರಡು ಕಂಬಗಳ ನಡುವಿನ ತೆರವಿನಲ್ಲಿ ಕತ್ತರಿಸಿದರೆ ಶಿಲ್ಪಗಳು ತುಂಡಾಗುವುದಿಲ್ಲ. ಅಧಿಷ್ಠಾನದ ಅಡ್ಡಪಟ್ಟಿಗಳು ಅಂಚು ದಾಟಿ ಕಣ್ಣನ್ನು ಮುಂದಕ್ಕೊಯ್ಯುತ್ತವೆ. ಕೆಳಗೆ ‘ಕಂಬಸಾಲಿನ ಒಳಗೆ ನಡೆದು | ಗರ್ಭಗುಡಿಯನ್ನು | ಸುತ್ತಬಹುದು’ ಎಂದು ವಾಕ್ಯವನ್ನು ಹಂಚಬಹುದು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಬರುವುದರಿಂದ ಅರ್ಥವು ಮೂರನೆಯ ಸ್ಲೈಡಿನಲ್ಲಿಯೇ ಪೂರ್ಣವಾಗುತ್ತದೆ.

ದೋಷಗಳು

ಗೆರೆಯು ಪದಗಳ ನಡುವೆಯೇ ಬೀಳಬೇಕು. ಅಕ್ಷರದ ಮೇಲೆ ಬಿದ್ದರೆ ಒತ್ತು, ಕೊಂಬುಗಳು ಬೇರ್ಪಟ್ಟು ಓದಲಾಗುವುದಿಲ್ಲ. ತುಂಡುಗಳ ಅಳತೆ ವ್ಯತ್ಯಾಸವಾದರೆ ಅಡ್ಡಪಟ್ಟಿಗಳು ಅಂಚಿನಲ್ಲಿ ಮೆಟ್ಟಿಲಿನಂತೆ ಮುರಿದು ಕಾಣುತ್ತವೆ. ಪ್ರಕಟಿಸುವ ಮುನ್ನ ಫೋನಿನಲ್ಲಿ ನಿಧಾನವಾಗಿ ಸರಿಸಿ, ಎರಡು ಸ್ಲೈಡುಗಳು ಅರ್ಧರ್ಧ ಕಾಣುವಾಗ ತಡೆದು ನೋಡಿದರೆ ಈ ದೋಷ ತಿಳಿಯುತ್ತದೆ.