ವಜ್ರಾಕೃತಿಯ ಕರ್ಣಗಳು ಮತ್ತು ಲಂಬಕೋನದ ಪರೀಕ್ಷೆ

ನಾಲ್ಕು ಬಾಹುಗಳೂ ಸಮವಾಗಿರುವ ಚತುರ್ಭುಜಕ್ಕೆ ವಜ್ರಾಕೃತಿ ಎಂದು ಹೆಸರು. ಅದರ ಎದುರುಬದುರು ಶೃಂಗಗಳನ್ನು ಸೇರಿಸುವ ಎರಡು ಕರ್ಣಗಳು ಒಂದನ್ನೊಂದು 90 ಡಿಗ್ರಿ ಕೋನದಲ್ಲಿ ಛೇದಿಸುತ್ತವೆ. ಬಾಹುಗಳ ಉದ್ದವನ್ನು ಹಾಗೇ ಇಟ್ಟು ಆಕೃತಿಯನ್ನು ಒತ್ತಿ ಚಪ್ಪಟೆ ಮಾಡಿದರೆ ಮೂಲೆಗಳ ಕೋನ ಬದಲಾಗುತ್ತದೆ, ಒಂದು ಕರ್ಣ ಉದ್ದವಾಗಿ ಇನ್ನೊಂದು ಗಿಡ್ಡವಾಗುತ್ತದೆ. ಕರ್ಣಗಳ ನಡುವಿನ ಲಂಬಕೋನ ಮಾತ್ರ ಕದಲುವುದಿಲ್ಲ. ಪ್ರೌಢಶಾಲೆಯ ಪಠ್ಯಗಳು ಇದನ್ನು ಸರ್ವಸಮ ತ್ರಿಭುಜಗಳ ಮೂಲಕ ಸಾಧಿಸುತ್ತವೆ. ಸದಿಶಗಳನ್ನು ಬಳಸಿದರೆ ಸಾಧನೆ ಒಂದೇ ಸಾಲಿಗೆ ಇಳಿಯುತ್ತದೆ. ಆ ಸಾಲಿನಲ್ಲಿ ಕೆಲಸ ಮಾಡುವ ಬಿಂದು ಗುಣಲಬ್ಧವೇ ಯಾವ ಕೋನ ಲಂಬ, ಯಾವುದು ಅಲ್ಲ ಎಂಬುದನ್ನು ಪರೀಕ್ಷಿಸುವ ಸಾಧನವೂ ಆಗಿದೆ.

ಪೈಥಾಗೊರಸ್ ಲೆಕ್ಕದಲ್ಲಿ ಉಳಿಯುವ ಶೇಷ

ಸದಿಶವೆಂದರೆ ಉದ್ದ ಮತ್ತು ದಿಕ್ಕು ಎರಡೂ ಇರುವ ಪರಿಮಾಣ. ಸಮತಲದಲ್ಲಿ ಅದನ್ನು ಎರಡು ಸಂಖ್ಯೆಗಳಿಂದ ಹೇಳಬಹುದು: (8, 1) ಎಂದರೆ ಬಲಕ್ಕೆ 8, ಮೇಲಕ್ಕೆ 1. ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವ ಸದಿಶ ಬೇಕಾದರೆ ತಲುಪುವ ಬಿಂದುವಿನ ನಿರ್ದೇಶಾಂಕಗಳಿಂದ ಹೊರಡುವ ಬಿಂದುವಿನ ನಿರ್ದೇಶಾಂಕಗಳನ್ನು ಕಳೆಯಬೇಕು. ಎರಡು ಸದಿಶಗಳ ಬಿಂದು ಗುಣಲಬ್ಧವನ್ನು ಪಡೆಯಲು ಅವುಗಳ ಮೊದಲ ಘಟಕಗಳನ್ನು ಪರಸ್ಪರ ಗುಣಿಸಿ, ಎರಡನೆಯ ಘಟಕಗಳನ್ನೂ ಹಾಗೆಯೇ ಗುಣಿಸಿ, ಎರಡನ್ನೂ ಕೂಡಿಸಿದರಾಯಿತು:

u · v = u₁v₁ + u₂v₂

ಉತ್ತರವಾಗಿ ಬರುವುದು ಸದಿಶವಲ್ಲ, ಬರೀ ಒಂದು ಸಂಖ್ಯೆ. ಒಂದು ಸದಿಶವನ್ನು ಅದರೊಂದಿಗೇ ಗುಣಿಸಿದರೆ u₁² + u₂² ಬರುತ್ತದೆ. ಪೈಥಾಗೊರಸ್ ಪ್ರಮೇಯದ ಪ್ರಕಾರ ಇದು ಆ ಸದಿಶದ ಉದ್ದದ ವರ್ಗ. ಹೀಗಾಗಿ u · u = |u|².

ಈ ಸಂಖ್ಯೆಗೂ ಲಂಬಕೋನಕ್ಕೂ ಏನು ಸಂಬಂಧ ಎಂಬುದು ಮುಖ್ಯ ಪ್ರಶ್ನೆ. ಒಂದೇ ಬಿಂದುವಿನಿಂದ u ಮತ್ತು v ಎಂಬ ಎರಡು ಸದಿಶಗಳು ಹೊರಟಿವೆ ಎಂದುಕೊಳ್ಳೋಣ. ಅವುಗಳ ತುದಿಗಳನ್ನು ಸೇರಿಸಿದರೆ ಒಂದು ತ್ರಿಭುಜವಾಗುತ್ತದೆ. ಮೂರನೆಯ ಬಾಹು u − v. ಅದರ ಉದ್ದದ ವರ್ಗ (u₁ − v₁)² + (u₂ − v₂)². ಆವರಣಗಳನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ:

|u − v|² = |u|² + |v|² − 2(u · v)

ತ್ರಿಭುಜವು ಲಂಬಕೋನದ್ದಾಗಿದ್ದರೆ ವಿಕರ್ಣದ ವರ್ಗವು ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ. ಮೇಲಿನ ಸಮೀಕರಣದಲ್ಲಿ ಹಾಗಾಗಬೇಕಾದರೆ ಕೊನೆಯ ಪದ ಸೊನ್ನೆಯಾಗಲೇಬೇಕು. ಪೈಥಾಗೊರಸ್ ಪ್ರಮೇಯದ ವಿಲೋಮವೂ ನಿಜವಾದ್ದರಿಂದ ವಾದವನ್ನು ಹಿಮ್ಮುಖವಾಗಿಯೂ ನಡೆಸಬಹುದು. ಆದ್ದರಿಂದ ಸೊನ್ನೆಯಲ್ಲದ ಎರಡು ಸದಿಶಗಳು ಪರಸ್ಪರ ಲಂಬವಾಗಿದ್ದರೆ ಅವುಗಳ ಬಿಂದು ಗುಣಲಬ್ಧ ಸೊನ್ನೆ. ಗುಣಲಬ್ಧ ಸೊನ್ನೆಯಾದರೆ ಅವು ಲಂಬ. ಲಂಬವಲ್ಲದ ಕಡೆ ಪೈಥಾಗೊರಸ್ ಲೆಕ್ಕದಲ್ಲಿ ಎಷ್ಟು ಹೆಚ್ಚು ಕಡಿಮೆಯಾಗುತ್ತದೆ ಎಂಬುದರ ಅರ್ಧವೇ u · v. ಅದು ಧನವಾಗಿದ್ದರೆ ಎದುರಿನ ಬಾಹು ಗಿಡ್ಡವಾಗಿ ಕೋನ ಲಘುಕೋನವಾಗುತ್ತದೆ. ಋಣವಾಗಿದ್ದರೆ ಬಾಹು ಉದ್ದವಾಗಿ ಕೋನ ವಿಶಾಲಕೋನವಾಗುತ್ತದೆ.

ಒಂದೇ ಸಾಲಿನ ಸಾಧನೆ

ABCD ಒಂದು ವಜ್ರಾಕೃತಿ. A ಶೃಂಗದಿಂದ ಹೊರಡುವ AB ಬಾಹುವನ್ನು a ಎಂದೂ AD ಬಾಹುವನ್ನು b ಎಂದೂ ಕರೆಯೋಣ. ವಜ್ರಾಕೃತಿಯು ಸಮಾಂತರ ಚತುರ್ಭುಜವೂ ಹೌದು. ಆದ್ದರಿಂದ BC ಬಾಹು AD ಬಾಹುವಿಗೆ ಸಮಾಂತರ ಮತ್ತು ಸಮ, ಅಂದರೆ ಅದೂ b. A ಯಿಂದ C ಗೆ ಹೋಗಲು ಮೊದಲು a, ನಂತರ b ಕ್ರಮಿಸಬೇಕು. ಹಾಗಾಗಿ ಒಂದು ಕರ್ಣ a + b. B ಯಿಂದ D ಗೆ ಹೋಗಲು a ಯನ್ನು ಹಿಂದಕ್ಕೆ ಕ್ರಮಿಸಿ A ಗೆ ಬಂದು, ಅಲ್ಲಿಂದ b ಯಷ್ಟು ಮುಂದೆ ಹೋಗಬೇಕು. ಹಾಗಾಗಿ ಇನ್ನೊಂದು ಕರ್ಣ b − a. ಈಗ ಎರಡನ್ನೂ ಗುಣಿಸೋಣ:

(a + b) · (b − a) = a · b − a · a + b · b − b · a = |b|² − |a|²

ಗುಣಿಸುವ ಕ್ರಮ ಬದಲಾದರೂ ಗುಣಲಬ್ಧ ಬದಲಾಗುವುದಿಲ್ಲವಾದ್ದರಿಂದ a · b ಮತ್ತು b · a ಒಂದನ್ನೊಂದು ಹೊಡೆದುಹಾಕಿದವು. ವಜ್ರಾಕೃತಿಯ ಬಾಹುಗಳು ಸಮವಾದ್ದರಿಂದ |a| = |b|; ಉತ್ತರ ಸೊನ್ನೆ. ಕರ್ಣಗಳು ಲಂಬವೆಂದು ಸಿದ್ಧವಾಯಿತು.

ಮೂಲೆಯ ಕೋನ ಎಷ್ಟೆಂಬ ಮಾಹಿತಿ ಈ ಲೆಕ್ಕದಲ್ಲಿ ಅಡಗಿದ್ದುದು a · b ಎಂಬ ಪದದಲ್ಲಿ ಮಾತ್ರ. ಅದು ಹೊಡೆದುಹೋಯಿತು. ಆಕೃತಿಯನ್ನು ಎಷ್ಟು ಒತ್ತಿದರೂ ಕರ್ಣಗಳ ಲಂಬಕೋನ ಏಕೆ ಕದಲುವುದಿಲ್ಲ ಎಂಬುದಕ್ಕೆ ಕಾರಣ ಇದೇ. ಅದೇ ಸಮೀಕರಣ ವಿಲೋಮವನ್ನೂ ಕೊಡುತ್ತದೆ: ಯಾವುದೇ ಸಮಾಂತರ ಚತುರ್ಭುಜದ ಕರ್ಣಗಳು ಲಂಬವಾಗಿದ್ದರೆ |b|² − |a|² ಸೊನ್ನೆಯಾಗಬೇಕು, ಅಂದರೆ ಅದು ವಜ್ರಾಕೃತಿಯೇ ಆಗಿರಬೇಕು.

ಸಂಖ್ಯೆಗಳಲ್ಲಿ ಒಂದು ಉದಾಹರಣೆ

A(1, 1), B(9, 2), C(13, 9), D(5, 8) ಎಂಬ ನಾಲ್ಕು ಬಿಂದುಗಳಿವೆ. AB = (8, 1), AD = (4, 7). DC ಯೂ (8, 1) ಆಗಿರುವುದರಿಂದ ಇದು ಸಮಾಂತರ ಚತುರ್ಭುಜ. ಉದ್ದಗಳ ವರ್ಗ 64 + 1 = 65 ಮತ್ತು 16 + 49 = 65; ಬಾಹುಗಳು ಸಮ, ಆಕೃತಿ ವಜ್ರಾಕೃತಿ. ಕರ್ಣಗಳು AC = (12, 8) ಮತ್ತು BD = (−4, 6). ಅವುಗಳ ಬಿಂದು ಗುಣಲಬ್ಧ −48 + 48 = 0. ಎಲ್ಲಿಯೂ ವರ್ಗಮೂಲ ತೆಗೆಯಬೇಕಾಗಲಿಲ್ಲ, ಕೋನಮಾಪಕವೂ ಬೇಕಾಗಲಿಲ್ಲ.

ಇದೇ ಆಕೃತಿಯ A ಮೂಲೆಯನ್ನು ಪರೀಕ್ಷಿಸಿದರೆ AB · AD = 32 + 7 = 39. ಸೊನ್ನೆಯಲ್ಲವಾದ್ದರಿಂದ ಅಲ್ಲಿ ಲಂಬಕೋನವಿಲ್ಲ, ಆಕೃತಿ ಚೌಕವಲ್ಲ. ಸಂಖ್ಯೆ ಧನವಾದ್ದರಿಂದ ಕೋನ ಲಘುಕೋನ. ಅದರ ಅಳತೆಯೂ ಬೇಕಿದ್ದರೆ u · v = |u| |v| cos θ ಎಂಬ ಸೂತ್ರವನ್ನು ಬಳಸಬೇಕು. ಇಲ್ಲಿ cos θ = 39/65 = 0.6, ಕೋನ ಸುಮಾರು 53 ಡಿಗ್ರಿ.

ವಜ್ರಾಕೃತಿಯ ಆಚೆ

ಕರ್ಣಗಳು ಲಂಬವಾಗಿವೆ ಎಂದ ಮಾತ್ರಕ್ಕೆ ಪ್ರತಿಯೊಂದು ಚತುರ್ಭುಜವೂ ವಜ್ರಾಕೃತಿಯಾಗುವುದಿಲ್ಲ. (0, 2), (3, 0), (0, −5), (−3, 0) ಬಿಂದುಗಳನ್ನು ಕ್ರಮವಾಗಿ ಸೇರಿಸಿದರೆ ಗಾಳಿಪಟದ ಆಕಾರ ಬರುತ್ತದೆ. ಅದರ ಒಂದು ಕರ್ಣ ನೇರ ಲಂಬ, ಇನ್ನೊಂದು ಅಡ್ಡ. ಆದರೆ ಎರಡು ಬಾಹುಗಳ ಉದ್ದ √13, ಉಳಿದೆರಡರದು √34. ಇಂಥ ಆಕೃತಿಗಳನ್ನೂ ಒಳಗೊಳ್ಳುವ ನಿಯಮ ಒಂದಿದೆ. ಯಾವುದೇ ABCD ಚತುರ್ಭುಜಕ್ಕೆ

2(AC · BD) = AD² + BC² − AB² − CD²

ಇಲ್ಲಿ ಬಲಗಡೆಯ AD, BC ಮುಂತಾದವು ಬಾಹುಗಳ ಉದ್ದಗಳು. ಎದುರುಬದುರು ಬಾಹುಗಳ ವರ್ಗಗಳನ್ನು ಜೋಡಿಯಾಗಿ ಕೂಡಿಸಿದಾಗ ಎರಡು ಮೊತ್ತಗಳೂ ಸಮವಾದರೆ ಕರ್ಣಗಳು ಲಂಬ, ಇಲ್ಲವಾದರೆ ಅಲ್ಲ. ಗಾಳಿಪಟದಲ್ಲಿ ಎರಡೂ ಕಡೆ 13 + 34 ಬರುತ್ತದೆ. ವಜ್ರಾಕೃತಿಯಲ್ಲಿ ನಾಲ್ಕೂ ವರ್ಗಗಳು ಒಂದೇ ಆಗಿರುವುದರಿಂದ ಸಮತ್ವ ತಾನಾಗಿಯೇ ಸಿಗುತ್ತದೆ. ಈ ನಿಯಮಕ್ಕೆ ನಾಲ್ಕು ಬಿಂದುಗಳು ಒಂದೇ ಸಮತಲದಲ್ಲಿರಬೇಕೆಂಬ ಷರತ್ತೂ ಇಲ್ಲ. ಕಾಗದದ ವಜ್ರಾಕೃತಿಯನ್ನು BD ಕರ್ಣದ ಗುಂಟ ಅರ್ಧ ಮಡಿಸಿ ಎತ್ತಿ ಹಿಡಿದರೆ A ಮತ್ತು C ಗಾಳಿಯಲ್ಲಿ ಮೇಲೇಳುತ್ತವೆ. ಅವುಗಳನ್ನು ಸೇರಿಸುವ ರೇಖೆ BD ಯನ್ನು ಮುಟ್ಟುವುದಿಲ್ಲ. ಆದರೂ ಬಾಹುಗಳ ಉದ್ದ ಬದಲಾಗಿಲ್ಲವಾದ್ದರಿಂದ ಆ ಎರಡು ರೇಖೆಗಳ ದಿಕ್ಕುಗಳು ಲಂಬವಾಗಿಯೇ ಉಳಿಯುತ್ತವೆ.

ಲಂಬಕೋನವನ್ನು ಪರೀಕ್ಷಿಸುವ ಬಗೆ

ಸಮತಲದಲ್ಲಿ ಎರಡು ರೇಖೆಗಳು ಲಂಬವೇ ಎಂದು ನೋಡಲು ಅವುಗಳ ಇಳಿಜಾರುಗಳ ಗುಣಲಬ್ಧ −1 ಆಗುತ್ತದೆಯೇ ಎಂದು ಪರೀಕ್ಷಿಸುವ ಕ್ರಮವೂ ಇದೆ. ಮೇಲಿನ ಗಾಳಿಪಟದಲ್ಲಿ ಅದು ಕೈಕೊಡುತ್ತದೆ: ನೇರ ಲಂಬ ಕರ್ಣಕ್ಕೆ ಇಳಿಜಾರು ಎಂಬ ಸಂಖ್ಯೆಯೇ ಇಲ್ಲ, ಏಕೆಂದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಬಿಂದು ಗುಣಲಬ್ಧದಲ್ಲಿ ಭಾಗಾಕಾರವಿಲ್ಲದ್ದರಿಂದ ಈ ತೊಡಕು ಬರುವುದಿಲ್ಲ: (0, −7) · (−6, 0) = 0.

ಮೂರು ಆಯಾಮಗಳಿಗೆ ಹೋದರೆ ಇಳಿಜಾರನ್ನು ಒಂದೇ ಸಂಖ್ಯೆಯಲ್ಲಿ ಹೇಳಲು ಬರುವುದಿಲ್ಲ. ಬಿಂದು ಗುಣಲಬ್ಧಕ್ಕೆ ಒಂದು ಪದ ಹೆಚ್ಚುತ್ತದೆ, ಅಷ್ಟೇ. P(1, 0, 2), Q(3, 1, 4), R(2, 2, 0) ಶೃಂಗಗಳ ತ್ರಿಭುಜದಲ್ಲಿ PQ = (2, 1, 2), PR = (1, 2, −2). ಗುಣಲಬ್ಧ 2 + 2 − 4 = 0; P ಯಲ್ಲಿ ಲಂಬಕೋನವಿದೆ. ತಾಳೆ ನೋಡಬೇಕಾದರೆ QR = (−1, 1, −4), ಅದರ ಉದ್ದದ ವರ್ಗ 18; PQ ಮತ್ತು PR ಗಳ ವರ್ಗಗಳ ಮೊತ್ತ 9 + 9, ಅದೂ 18.

ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಬಿಂದುಗಳನ್ನೇ ಸದಿಶಗಳೆಂದು ಗುಣಿಸುವುದು. ಹಿಂದಿನ ವಜ್ರಾಕೃತಿಯಲ್ಲಿ B(9, 2) ಮತ್ತು D(5, 8) ಗಳ ನಿರ್ದೇಶಾಂಕಗಳನ್ನು ನೇರವಾಗಿ ಗುಣಿಸಿದರೆ 61 ಬರುತ್ತದೆ. ಅದು ಮೂಲಬಿಂದುವಿನಿಂದ B ಮತ್ತು D ಗೆ ಎಳೆದ ರೇಖೆಗಳ ವಿಷಯ ಹೇಳುತ್ತದೆಯೇ ಹೊರತು ಆಕೃತಿಯ ಯಾವ ಕೋನದ್ದನ್ನೂ ಅಲ್ಲ. ಇನ್ನೊಂದು ತಪ್ಪು ದಿಕ್ಕಿನದು. A ಮೂಲೆಗೆ AB ಬದಲು BA ತೆಗೆದುಕೊಂಡರೆ 39 ರ ಜಾಗದಲ್ಲಿ −39 ಬಂದು ಲಘುಕೋನ ವಿಶಾಲಕೋನವಾಗಿ ಕಾಣುತ್ತದೆ. ಲಂಬಕೋನವಿದ್ದ ಕಡೆ ಇದರಿಂದ ತೊಂದರೆಯಿಲ್ಲ, ಸೊನ್ನೆಯ ಚಿಹ್ನೆ ಬದಲಿಸಿದರೂ ಸೊನ್ನೆಯೇ. ಬೇರೆ ಕೋನಗಳಿಗೆ ಎರಡೂ ಸದಿಶಗಳು ಅದೇ ಶೃಂಗದಿಂದ ಹೊರಡಬೇಕು. ಎರಡು ಬಿಂದುಗಳು ಒಂದರ ಮೇಲೊಂದು ಬಿದ್ದಿವೆಯೇ ಎಂಬುದನ್ನೂ ಗಮನಿಸಬೇಕು. ಹಾಗಿದ್ದರೆ ಸಿಗುವುದು ಸೊನ್ನೆ ಸದಿಶ. ಯಾವುದರೊಂದಿಗೆ ಗುಣಿಸಿದರೂ ಸೊನ್ನೆಯೇ ಬರುತ್ತದೆ, ಆದರೆ ಅಲ್ಲಿ ಕೋನವೇ ಇರುವುದಿಲ್ಲ.

ಅಳತೆಯ ಸಂಖ್ಯೆಗಳಲ್ಲಿ ಸೊನ್ನೆ ಯಾವುದು?

ಪುಸ್ತಕದ ಲೆಕ್ಕದಲ್ಲಿ ಉತ್ತರ ಸರಿಯಾಗಿ ಸೊನ್ನೆ ಬರುತ್ತದೆ. ಅಳೆದು ಪಡೆದ ಸಂಖ್ಯೆಗಳಲ್ಲಿ ಹಾಗಾಗುವುದು ಅಪರೂಪ. ಕಂಪ್ಯೂಟರಿನ ದಶಮಾಂಶ ಲೆಕ್ಕದಲ್ಲಿಯೂ ಸಣ್ಣ ಶೇಷ ಉಳಿಯಬಹುದು: (0.1, 0.3) ಮತ್ತು (3, −1) ಪರಸ್ಪರ ಲಂಬವಾದರೂ ಪೈಥಾನ್‌ನಲ್ಲಿ `0.1*3 - 0.3` ಎಂದು ಕೊಟ್ಟರೆ ಸೊನ್ನೆಯ ಬದಲು ಸುಮಾರು `5.55e-17` ಬರುತ್ತದೆ. ಹಾಗಾದರೆ ಎಷ್ಟು ಸಣ್ಣ ಸಂಖ್ಯೆಯನ್ನು ಸೊನ್ನೆಯೆಂದು ಒಪ್ಪಬಹುದು?

ಗುಣಲಬ್ಧವೊಂದನ್ನೇ ನೋಡಿ ಇದನ್ನು ತೀರ್ಮಾನಿಸಲಾಗದು. ಕೋಣೆಯ ಒಂದು ಮೂಲೆಯಿಂದ ಹೊರಡುವ ಗೋಡೆಗಳು ಸೆಂಟಿಮೀಟರ್ ಲೆಕ್ಕದಲ್ಲಿ (300, 2) ಮತ್ತು (−1, 400) ಎಂದಿರಲಿ. ಗುಣಲಬ್ಧ −300 + 800 = 500. ಸಂಖ್ಯೆ ದೊಡ್ಡದಾಗಿ ಕಂಡರೂ ಉದ್ದಗಳ ಗುಣಲಬ್ಧ ಸುಮಾರು 1,20,000. ಅದರಿಂದ ಭಾಗಿಸಿದಾಗ cos θ ಸುಮಾರು 0.0042, ಕೋನ 89.76 ಡಿಗ್ರಿ. ಮೂಲೆ ಲಂಬಕೋನಕ್ಕೆ ಕಾಲು ಡಿಗ್ರಿಯಷ್ಟೇ ಕಡಿಮೆ. ಇನ್ನೊಂದೆಡೆ (0.03, 0.01) ಮತ್ತು (0.02, 0.01) ಸದಿಶಗಳ ಗುಣಲಬ್ಧ ಬರೀ 0.0007. ಸೊನ್ನೆಗೆ ತೀರ ಹತ್ತಿರವೆಂದು ತೋರುವ ಈ ಸಂಖ್ಯೆಯನ್ನು ಉದ್ದಗಳ ಗುಣಲಬ್ಧದಿಂದ ಭಾಗಿಸಿದರೆ 0.99 ಬರುತ್ತದೆ, ಅವುಗಳ ನಡುವಿನ ಕೋನ ಎಂಟೇ ಡಿಗ್ರಿ, ಲಂಬದ ಹತ್ತಿರಕ್ಕೂ ಇಲ್ಲ. ಆದ್ದರಿಂದ ನಿಖರ ಸಂಖ್ಯೆಗಳಿದ್ದಾಗ ಗುಣಲಬ್ಧ ಸೊನ್ನೆಯೇ ಎಂದು ನೋಡಿದರೆ ಸಾಕು. ಅಳತೆಯ ಸಂಖ್ಯೆಗಳಿದ್ದಾಗ ಮೊದಲು ಉದ್ದಗಳಿಂದ ಭಾಗಿಸಿ cos θ ಪಡೆದು, ಕೆಲಸಕ್ಕೆ ಎಷ್ಟು ಡಿಗ್ರಿ ವ್ಯತ್ಯಾಸ ನಡೆಯುತ್ತದೆಯೋ ಅದರೊಂದಿಗೆ ಹೋಲಿಸಬೇಕು.