ಕೋರಸ್‌ಗೆಂದು ಉಳಿಸಿಟ್ಟ ಸ್ವರ

ಇಂಗ್ಲೆಂಡಿನ ರೇಡಿಯೊಹೆಡ್ ತಂಡ 1992ರಲ್ಲಿ ಹೊರತಂದ ‘ಕ್ರೀಪ್’ ಹಾಡಿಗೆ ಇರುವುದು ನಾಲ್ಕೇ ಕಾರ್ಡ್: ಜಿ, ಬಿ, ಸಿ, ಸಿ ಮೈನರ್. ಮೊದಲಿನಿಂದ ಕೊನೆಯವರೆಗೂ ಇದೇ ಸುತ್ತು. ಕಥೆ ಹೇಳುವ ವರ್ಸ್‌ಗೂ ಇವೇ, ಮತ್ತೆ ಮತ್ತೆ ಮರಳುವ ಕೋರಸ್‌ಗೂ ಇವೇ. ಆದರೂ ಕೋರಸ್ ಬಂದೊಡನೆ ಇಡೀ ಹಾಡು ಮೇಲಕ್ಕೆದ್ದಂತೆ ಅನ್ನಿಸುತ್ತದೆ.

ಇದರಲ್ಲಿ ಗಿಟಾರಿನ ಪಾಲೂ ಇದೆ. ಕೋರಸ್‌ಗೆ ತುಸು ಮೊದಲು ಜಾನಿ ಗ್ರೀನ್‌ವುಡ್ ತಂತಿಗಳನ್ನು ಬಲವಾಗಿ ಬಾರಿಸುವ ಸದ್ದು ಕೇಳಿದವರಿಗೆ ಮರೆಯುವಂಥದ್ದಲ್ಲ. ಆದರೆ ವಾದ್ಯಗಳನ್ನೆಲ್ಲ ಬಿಟ್ಟು ಬರೀ ರಾಗವನ್ನು ಗುನುಗಿ ನೋಡಿದರೂ ಆ ಏರಿಕೆ ಮಾಯವಾಗುವುದಿಲ್ಲ. ವರ್ಸ್‌ನಲ್ಲಿ ಟಾಮ್ ಯಾರ್ಕ್ ಕೆಳದನಿಯಲ್ಲಿ, ಪಕ್ಕದಲ್ಲಿ ಕುಳಿತು ಮಾತಾಡುವಂತೆ ಹಾಡುತ್ತಾರೆ. ಕೋರಸ್‌ನಲ್ಲಿ ದನಿ ಮೇಲೇರುತ್ತದೆ. ಅತಿ ಎತ್ತರದ ಸ್ವರವಂತೂ ಅಲ್ಲಿಯೂ ಬರುವುದಿಲ್ಲ. ಎರಡನೆಯ ಕೋರಸ್ ಮುಗಿದ ಮೇಲಿನ ಭಾಗಕ್ಕೆ ಅದನ್ನು ಕಾದಿಡಲಾಗಿದೆ.

ಎತ್ತರದ ಸ್ವರಕ್ಕೆ ಧ್ವನಿತಂತುಗಳು ಬಿಗಿಯಾಗಿ ಎಳೆದುಕೊಂಡು ಹೆಚ್ಚು ವೇಗವಾಗಿ ಕಂಪಿಸಬೇಕು. ಒಂದು ಸ್ಥಾಯಿ ಮೇಲೇರಿದರೆ ಕಂಪನ ಎರಡರಷ್ಟಾಗುತ್ತದೆ. ಪೂರ್ಣ ದನಿಯಲ್ಲಿ ಹಾಡುವವರಿಗೆ ಉಸಿರಿನ ಒತ್ತಡವೂ ಹೆಚ್ಚು ಬೇಕು, ಆ ಶ್ರಮ ಕೇಳುವವರಿಗೆ ತಿಳಿಯುತ್ತದೆ. ಆದರೆ ಎತ್ತರವೆನ್ನುವುದು ಹೋಲಿಕೆಯ ಮಾತು. ಕಿವಿ ಅದುವರೆಗೆ ಎಲ್ಲಿ ನೆಲೆಸಿತ್ತೋ ಅಲ್ಲಿಂದಲೇ ಅದನ್ನು ಅಳೆಯುತ್ತದೆ. ಆದ್ದರಿಂದ ಕೋರಸ್‌ನ ಏರಿಕೆಯನ್ನು ಕಟ್ಟುವ ಕೆಲಸ ವರ್ಸ್‌ನಲ್ಲೇ ಶುರುವಾಗುತ್ತದೆ.

ಕನ್ನಡದಲ್ಲಿ ಇಂಥ ಹಾಡು ಕಟ್ಟಲು ಹೊರಟವರನ್ನು ಒಂದು ಹಳೆಯ ಅಭ್ಯಾಸ ದಾರಿ ತಪ್ಪಿಸಬಹುದು. ನಮ್ಮ ಕೃತಿಗಳಲ್ಲಿ ಪಲ್ಲವಿ ಮೊದಲು ಬರುತ್ತದೆ, ಅನುಪಲ್ಲವಿ ಸಾಮಾನ್ಯವಾಗಿ ತಾರ ಷಡ್ಜದ ಕಡೆಗೆ ಏರುತ್ತದೆ. ಎಷ್ಟೋ ಚಿತ್ರಗೀತೆಗಳ ಚರಣವೂ ಹೀಗೆಯೇ ಮೇಲೆ ಹೋಗಿ ಕೆಳಗಿಳಿದು ಪಲ್ಲವಿಗೆ ಸೇರಿಕೊಳ್ಳುತ್ತದೆ. ಅಲ್ಲಿ ಮರಳಿ ಬರುವ ಸಾಲು ವಿಶ್ರಾಂತಿಯ ತಾಣ. ಪಾಪ್ ಹಾಡಿನಲ್ಲಿ ಮರಳಿ ಬರುವ ಸಾಲೇ ಶಿಖರ. ಚರಣದಂತೆ ವರ್ಸ್ ಬರೆದರೆ ಅದು ತಾರಸ್ಥಾಯಿಯನ್ನೆಲ್ಲ ಸುತ್ತಿ ಬಂದಿರುತ್ತದೆ, ಆಮೇಲೆ ಬರುವ ಕೋರಸ್ ಎಷ್ಟೇ ಚೆಂದವಿದ್ದರೂ ಕುಸಿದಂತೆ ಕೇಳುತ್ತದೆ.

ಶಂಕರಾಭರಣದ ಸ್ವರಗಳಲ್ಲಿ ಒಂದು ಪುಟ್ಟ ಉದಾಹರಣೆ ಕಟ್ಟಬಹುದು. ವರ್ಸ್‌ಗೆ ಸ, ರಿ, ಗ ಮೂರೇ ಸ್ವರ. ‘ಸ ಸ ರಿ ಸ, ಸ ರಿ ಗ ರಿ’ ಎಂದು ಚಿಕ್ಕ ಚಿಕ್ಕ ಸ್ವರಗಳು, ಪ್ರತಿ ಸಾಲೂ ಪೆಟ್ಟು ಬಿದ್ದ ನಂತರ ಅರ್ಧ ಎಣಿಕೆ ತಡೆದು ಆರಂಭ. ವರ್ಸ್‌ನ ಕೊನೆಯ ಸಾಲು ಸ-ಗೆ ಇಳಿಯದೆ ರಿ-ಯಲ್ಲೇ ನಿಲ್ಲಲಿ. ಇನ್ನೇನೋ ಬರಬೇಕು ಎಂಬ ನಿರೀಕ್ಷೆ ಹುಟ್ಟುತ್ತದೆ. ಕೋರಸ್ ಸರಿಯಾಗಿ ಪೆಟ್ಟಿನ ಮೇಲೇ ಪ-ದಿಂದ ಹೊರಟು ಮೇಲಿನ ಸ-ಗೆ ಹಾರಿ, ಅಲ್ಲಿ ಮೂರು ಎಣಿಕೆ ನಿಲ್ಲಲಿ. ಎತ್ತರವೊಂದೇ ಅಲ್ಲ, ಆ ನಿಲುಗಡೆಯೂ ಏರಿಕೆಯ ಭಾಗ. ವರ್ಸ್‌ನಲ್ಲಿ ಓಡುತ್ತಿದ್ದ ಅಕ್ಷರಗಳು ಇಲ್ಲಿ ಬಿಚ್ಚಿಕೊಳ್ಳುತ್ತವೆ.

ಈಗ ಅದೇ ವರ್ಸ್‌ನ ಮೂರನೆಯ ಸಾಲಿನಲ್ಲಿ ಬೇಸರ ನೀಗಲೆಂದು ಒಂದೇ ಒಂದು ಸಲ ಮೇಲಿನ ಸ ಮುಟ್ಟಿಸಿ ನೋಡಿ. ಕೋರಸ್‌ನ ಒಂದು ಸ್ವರವೂ ಬದಲಾಗಿರುವುದಿಲ್ಲ, ಆದರೂ ಅದರ ಬಲ ಅರ್ಧಕ್ಕರ್ಧ ಹೋಗಿರುತ್ತದೆ. ಇದನ್ನು ಹಿಡಿಯುವ ಸುಲಭ ದಾರಿ, ಎರಡೂ ಭಾಗಗಳ ಅತಿ ಎತ್ತರದ ಸ್ವರವನ್ನು ಅಕ್ಕಪಕ್ಕ ಬರೆದುಕೊಳ್ಳುವುದು. ಎರಡೂ ಒಂದೇ ಆಗಿದ್ದರೆ ತೊಂದರೆ ಅಲ್ಲಿದೆ. ವರ್ಸ್ ನೀರಸ ಅನ್ನಿಸುತ್ತಿದ್ದರೆ ಮದ್ದನ್ನು ಲಯದಲ್ಲಿ, ಮಾತಿನಲ್ಲಿ ಹುಡುಕುವುದೇ ಒಳ್ಳೆಯದು: ಒಂದು ಸಾಲು ಗಿಡ್ಡ, ಒಂದು ಉದ್ದ, ಕಣ್ಣಿಗೆ ಕಟ್ಟುವ ಒಂದು ವಿವರ.

ಇದಕ್ಕೆ ಕಂಠ ಹಾಕುವ ಮಿತಿಯೂ ಉಂಟು. ಕೋರಸ್ ಹಿತವಾಗಿ ಬರುವಂತೆ ಶ್ರುತಿ ಇಟ್ಟುಕೊಂಡರೆ ವರ್ಸ್‌ನ ಸ ಕೆಲವರಿಗೆ ಗಂಟಲಿನಲ್ಲೇ ಉಳಿದು ಮಾತು ಕೇಳದಂತಾಗುತ್ತದೆ. ಶ್ರುತಿ ಏರಿಸಿದರೆ ಕೋರಸ್ ಕಿರುಚಾಟವಾಗುತ್ತದೆ. ಆಗ ಶ್ರುತಿಯನ್ನು ಹಾಗೇ ಬಿಟ್ಟು ವರ್ಸ್‌ನ ರಾಗವನ್ನಷ್ಟೇ ಎತ್ತಬೇಕು: ಸರಿಗ ಬದಲು ಗಮಪ. ಕೊನೆಯ ಸಾಲು ಆಗ ಮ-ದಲ್ಲಿ ನಿಲ್ಲುತ್ತದೆ, ನಿರೀಕ್ಷೆ ಕೆಡುವುದಿಲ್ಲ. ವರ್ಸ್‌ನ ತುದಿಗೂ ಕೋರಸ್‌ನ ತುದಿಗೂ ನಡುವೆ ಪ-ದಿಂದ ಮೇಲಿನ ಸ-ವರೆಗಿನ ಅಂತರ ಇನ್ನೂ ಉಳಿದಿರುತ್ತದೆ, ಏರಿಕೆ ಕಿವಿಗೆ ತಟ್ಟಲು ಅಷ್ಟು ಸಾಕು.